ಭೇಟಿಗೆ ಮುನ್ನ: ಗುರುತಿನ ಖಾತ್ರಿ, ಗೆಳತಿಯ ಕೈಯಲ್ಲಿ ಯೋಜನೆ

ಎಲ್ಲರಿಗೂ ನಮಸ್ಕಾರ.

ಡೇಟಿಂಗ್ ಆ್ಯಪ್‌ನಲ್ಲಾಗಲಿ, ಮ್ಯಾಟ್ರಿಮೊನಿ ತಾಣದಲ್ಲಾಗಲಿ ಪರಿಚಯವಾದವರನ್ನು ಮೊದಲ ಸಲ ಮುಖತಃ ಭೇಟಿಯಾಗುವ ಮುನ್ನ ಏನು ಮಾಡಬೇಕು ಎಂಬುದಷ್ಟೇ ಇವತ್ತಿನ ಮಾತು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯಿಂದ ಬಂದು ಬೆಂಗಳೂರಿನಲ್ಲಿ ಪಿಜಿಯಲ್ಲಿರುವ ಯುವತಿ. ಮೈಸೂರಿನವನು, ಇಂಜಿನಿಯರ್ ಎಂದು ಹೇಳಿಕೊಂಡ ಒಬ್ಬ ಹುಡುಗ. ಶನಿವಾರ ಸಂಜೆ ನಾಲ್ಕಕ್ಕೆ ಜಯನಗರದಲ್ಲಿ ಕಾಫಿಗೆ ಸಿಗೋಣ ಎಂದು ಮಾತಾಗಿದೆ.

ಪ್ರೊಫೈಲ್‌ನಲ್ಲಿ ನೀಲಿ ಟಿಕ್ ಇದೆಯಲ್ಲ ಎಂದು ಆಕೆ ನೆಮ್ಮದಿಯಾಗಿದ್ದಾಳೆ. ಸಾಮಾನ್ಯವಾಗಿ ಆ ಟಿಕ್‌ನ ಅರ್ಥ ಇಷ್ಟೇ: ಆತ ತೆಗೆದುಕೊಟ್ಟ ಸೆಲ್ಫಿಗೂ ಪ್ರೊಫೈಲ್ ಫೋಟೊಗೂ ಮುಖ ತಾಳೆಯಾಗಿದೆ. ಹೆಸರು, ಕೆಲಸ, ಮದುವೆಯಾಗಿದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಹಾಗಾಗಿ ಆತನ ಬಾಯಿಮಾತನ್ನು ಬಿಟ್ಟು, ಆತನ ಹಿಡಿತದಲ್ಲಿಲ್ಲದ ಕಡೆಯಿಂದ ಮಾಹಿತಿ ಸಿಗುತ್ತದೆಯೇ ನೋಡಬೇಕು.

ಮೊದಲು ಫೋಟೊಗಳನ್ನು ಒಂದೊಂದಾಗಿ ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ಫೋಟೊ ಬೇರೆ ಹೆಸರಿನಲ್ಲಿ ಕಂಡರೆ ಮಾತು ಅಲ್ಲಿಗೇ ಮುಗಿಯಿತು. ಏನೂ ಸಿಗದಿದ್ದರೆ ಅಸಲಿ ಎಂದುಕೊಳ್ಳಬೇಡಿ. ಯಾರದೋ ಖಾಸಗಿ ಖಾತೆಯಿಂದ ಕದ್ದ ಫೋಟೊ ಹುಡುಕಾಟದಲ್ಲಿ ಬರುವುದೇ ಇಲ್ಲ.

ನಂಬರ್ ಕೊಟ್ಟ ಮೇಲೆ ಇನ್ನೊಂದು ದಾರಿಯಿದೆ. ಯುಪಿಐ ಆ್ಯಪ್ ತೆರೆದು, ಹಣ ಕಳಿಸುವವರಂತೆ ಆ ನಂಬರ್ ಹಾಕಿ. ಅದಕ್ಕೆ ಯುಪಿಐ ಇದ್ದರೆ ಬ್ಯಾಂಕಿನಲ್ಲಿರುವ ಹೆಸರು ತೆರೆಯ ಮೇಲೆ ಬರುತ್ತದೆ. ಹೆಸರು ನೋಡಿ ಹಿಂದೆ ಬನ್ನಿ, ಒಂದು ರೂಪಾಯಿಯೂ ಕಳಿಸಬೇಕಿಲ್ಲ. ಬೇರೆ ಹೆಸರು ಬಂದರೆ ಕೂಡಲೇ ಮೋಸ ಎನ್ನಲಾಗದು, ಸಿಮ್ ಹಾಗೂ ಖಾತೆ ಅಪ್ಪನ ಹೆಸರಿನಲ್ಲಿರಬಹುದು. ನೇರವಾಗಿ ಕೇಳಿ. ಸಲೀಸಾಗಿ ವಿವರಿಸುತ್ತಾನೋ, ಸಿಟ್ಟಾಗುತ್ತಾನೋ ಗಮನಿಸಿ. ಇದೇ ದಾರಿಯಲ್ಲಿ ನಿಮ್ಮ ಪೂರ್ತಿ ಹೆಸರೂ ಆತನಿಗೆ ಸಿಗುತ್ತದೆ ಎಂಬುದು ನೆನಪಿರಲಿ. ಅದಕ್ಕೇ ನಂಬಿಕೆ ಬರುವವರೆಗೆ ಆ್ಯಪ್‌ನ ಒಳಗೇ ಮಾತಾಡುವುದು ಲೇಸು.

ಆಮೇಲೆ ವಿಡಿಯೊ ಕಾಲ್. ಹತ್ತು ನಿಮಿಷ ಸಾಕು. ನಕಲಿ ಮುಖದ ವಿಡಿಯೊಗಳು ಈಗ ಸುಲಭವಾಗಿರುವುದರಿಂದ, ಪಕ್ಕಕ್ಕೆ ತಿರುಗಲು, ಮುಖದ ಮುಂದೆ ಕೈ ಆಡಿಸಲು ನಗುತ್ತಲೇ ಕೇಳಿ. ಅಂಚುಗಳು ಕಲಸಿದಂತಾದರೆ ಅನುಮಾನ ಪಡಿ. ಸರಿಯಾಗಿ ಕಂಡರೂ ಇದು ಪೂರ್ತಿ ಖಾತ್ರಿಯಲ್ಲ. ಆದರೆ ವಾರಗಟ್ಟಲೆ ಮೆಸೇಜ್ ಮಾಡಿಯೂ ಪ್ರತಿ ಸಲ ‘ಕ್ಯಾಮೆರಾ ಕೆಟ್ಟಿದೆ’ ಎನ್ನುವವರನ್ನು ಭೇಟಿಯಾಗಲು ಹೋಗಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಗೆಳತಿಗೆ ಹೇಳುವ ವಿಚಾರ. ‘ಇವತ್ತು ಒಬ್ಬರನ್ನು ಮೀಟ್ ಮಾಡ್ತಿದೀನಿ ಕಣೇ’ ಎಂದರೆ ಸಾಲದು. ಯಾವ ಹೊತ್ತಿಗೆ ಏನು ಮಾಡಬೇಕೆಂದು ಗೊತ್ತಿಲ್ಲದ ಗೆಳತಿ ರಾತ್ರಿ ಹತ್ತರವರೆಗೂ ‘ಮಾತಾಡ್ತಾ ಕೂತಿರಬೇಕು’ ಎಂದುಕೊಂಡು ಸುಮ್ಮನಿರುತ್ತಾಳೆ. ನಮ್ಮ ಯುವತಿ ಹೀಗೆ ಮಾಡುತ್ತಾಳೆ ಎನ್ನಿ: ಪ್ರೊಫೈಲ್‌ನ ಸ್ಕ್ರೀನ್‌ಶಾಟ್, ಆತನ ನಂಬರ್, ಕೆಫೆಯ ಹೆಸರು ಮತ್ತು ಫೋನ್ ನಂಬರ್ ಎಲ್ಲವನ್ನೂ ಗೆಳತಿಗೆ ಕಳಿಸುತ್ತಾಳೆ. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್‌ಗೆ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಆಯ್ಕೆಗಳಿವೆ. 8 ಗಂಟೆ ಆರಿಸುತ್ತಾಳೆ. ಚಾರ್ಜ್ ಮುಗಿದರೆ, ನೆಟ್ ಹೋದರೆ ಅದು ನಿಂತುಹೋಗುತ್ತದೆ. ಅದಕ್ಕೇ ಐದು ಗಂಟೆಗೆ ಗೆಳತಿಯೇ ಫೋನ್ ಮಾಡಬೇಕೆಂದು ಮಾತಾಗಿದೆ. ಆಗ ‘ಗ್ಯಾಸ್ ಸಿಲಿಂಡರ್ ಬಂತಾ?’ ಎಂದು ಈಕೆ ಕೇಳಿದರೆ ‘ಏನೋ ಸರಿಯಿಲ್ಲ, ನನ್ನನ್ನು ಕರೆಸಿಕೋ’ ಎಂದು ಅರ್ಥ. ಫೋನ್ ಎತ್ತದಿದ್ದರೆ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ, ಆಮೇಲೆ ಕೆಫೆಗೆ, ಅಲ್ಲೂ ಸುಳಿವಿಲ್ಲದಿದ್ದರೆ 112ಕ್ಕೆ. ಗೆಳತಿ ಮುಜುಗರ ಪಡದೆ ಈ ಕ್ರಮದಲ್ಲೇ ಹೋಗಬೇಕು.

ಮೂರೂವರೆಗೆ ಆತನ ಮೆಸೇಜ್ ಬರುತ್ತದೆ: ‘ಅಲ್ಲಿ ತುಂಬಾ ರಶ್, ನನಗೆ ಗೊತ್ತಿರೋ ಜಾಗ ಇದೆ, ನಾನೇ ಪಿಕಪ್ ಮಾಡ್ತೀನಿ.’ ನಾನು ಹೆಚ್ಚು ಎಚ್ಚರ ಹೇಳುವುದು ಈ ಗಳಿಗೆಗೆ. ಆತನ ಗಾಡಿ ಹತ್ತಿದರೆ ನಿಮ್ಮ ಪಿಜಿ ಎಲ್ಲಿದೆ ಎಂದು ಗೊತ್ತಾಗುತ್ತದೆ, ಗೆಳತಿಯ ಕೈಯಲ್ಲಿರುವ ವಿಳಾಸವೂ ಸುಳ್ಳಾಗುತ್ತದೆ. ಹುಡುಗರಿಗೂ ಇಲ್ಲಿ ಬಲೆ ಇದೆ. ಹುಡುಗಿಯೇ ಹಟ ಹಿಡಿದು ತನ್ನಿಷ್ಟದ ಬಾರ್‌ಗೆ ಕರೆಸಿ, ಕೊನೆಗೆ ಸಾವಿರಾರು ರೂಪಾಯಿ ಬಿಲ್ ಮುಂದಿಟ್ಟು ಹೆದರಿಸುವ ಮೋಸ ನಮ್ಮ ದೊಡ್ಡ ನಗರಗಳಲ್ಲಿ ನಡೆದಿದೆ. ‘ಮೊದಲು ಹೇಳಿದ ಜಾಗದಲ್ಲೇ ಸಿಗೋಣ, ನಾನು ಮೆಟ್ರೊದಲ್ಲಿ ಬರ್ತೀನಿ’ ಎಂದಷ್ಟೇ ಉತ್ತರಿಸಿ. ಒಳ್ಳೆಯ ಹುಡುಗನಾದರೆ ‘ಸರಿ’ ಎನ್ನುತ್ತಾನೆ. ಮುನಿಸಿಕೊಂಡು ಬರದೇ ಹೋದರೆ ಗೆಳತಿಗೆ ತಿಳಿಸಿ, ಲೊಕೇಶನ್ ನಿಲ್ಲಿಸಿ, ಮನೆಗೆ ಹೋಗಿ. ಭೇಟಿಗೂ ಮುನ್ನವೇ ಆತ ಹಣ ಕೇಳಿ, ನೀವು ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಖಾತೆಯಿಂದ ಖಾತೆಗೆ ಸಾಗುತ್ತಿರುವಾಗಲೇ ತಿಳಿಸಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.