ಐದು ನಟ್ಟು, ಒಂದು ದಾರ: ವಿಜ್ಞಾನ ಪ್ರದರ್ಶನದ ಉದ್ಘಾಟನೆಯಲ್ಲಿ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ಮಕ್ಕಳೇ, ಹಿಂದೆ ಕೂತಿರೋರಿಗೂ ಕೇಳಿಸ್ತಿದೆ ತಾನೇ? ಸರಿ, ಶುರು ಮಾಡ್ತೀನಿ.

ವೈಜ್ಞಾನಿಕ ವಿಧಾನ ಅಂದ್ರೆ ಏನು ಅಂತ ಕೇಳಿದ್ರೆ ಇಲ್ಲಿರೋ ಎಲ್ಲಾ ಮಕ್ಕಳೂ ಥಟ್ಟಂತ ಹೇಳ್ತಾರೆ, ಗಮನಿಸೋದು, ಊಹೆ ಮಾಡೋದು, ಪ್ರಯೋಗ ಮಾಡೋದು, ತೀರ್ಮಾನಕ್ಕೆ ಬರೋದು ಅಂತ. ಮಧ್ಯೆ ಮಧ್ಯೆ ಬಾಣದ ಗುರುತು ಹಾಕಿ ನಾನೇ ಬೋರ್ಡ್ ಮೇಲೆ ಬರೆಸಿದೀನಿ. ಆದ್ರೆ ನಿಜವಾದ ಕೆಲಸ ನಡೆಯೋದು ಆ ಬಾಣಗಳ ಜಾಗದಲ್ಲಿ, ಅದು ನೋಟ್ಸಲ್ಲಿ ಬರಲ್ಲ. ಅದಕ್ಕೆ ಇವತ್ತು ಒಂದೇ ಒಂದು ಪ್ರಯೋಗದ ಕಥೆ ಹೇಳ್ತೀನಿ, ಪೋಷಕರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಲೋಲಕ, ಪೆಂಡುಲಮ್. ದಾರದ ತುದಿಗೆ ಭಾರ ಕಟ್ಟಿ ತೂಗಬಿಡೋದು, ಅಷ್ಟೇ. ನಮ್ಮ ಮೂವರು ಮಕ್ಕಳ ಊಹೆ ಏನಿತ್ತು ಅಂದ್ರೆ, ಭಾರ ಜಾಸ್ತಿ ಮಾಡಿದ್ರೆ ಲೋಲಕ ಬೇಗ ಬೇಗ ತೂಗುತ್ತೆ. ಒಳ್ಳೆ ಊಹೆನೇ, ಯಾಕಂದ್ರೆ ಇದು ತಪ್ಪಾಗೋಕೆ ಸಾಧ್ಯ ಇದೆ. ಹತ್ತು ಸಲ ತೂಗೋಕೆ ಎಷ್ಟು ಸೆಕೆಂಡ್ ಹಿಡೀತು ಅಂತ ನೋಡಿದ್ರೆ ಗೊತ್ತಾಗಿಬಿಡುತ್ತೆ. "ಲೋಲಕಕ್ಕೆ ಒಂದು ವಿಶೇಷ ಶಕ್ತಿ ಇದೆ" ಅಂತ ಬರ್ಕೊಂಡಿದ್ರೆ ಯಾವ ಸ್ಟಾಪ್‌ವಾಚ್ ತಂದ್ರೂ ಅದನ್ನ ತಪ್ಪು ಅಂತ ತೋರಿಸೋಕೆ ಆಗ್ತಿರಲಿಲ್ಲ, ಅಂಥದ್ದನ್ನ ಪ್ರಯೋಗಕ್ಕೆ ತಗೊಳ್ಳೋಕೇ ಬರಲ್ಲ.

ದಾರದ ತುದಿಗೆ ಒಂದು ಕಬ್ಬಿಣದ ನಟ್ಟು ಕಟ್ಟಿದ್ರು, ಮೇಲಿನ ಗಂಟಿಂದ ನಟ್ಟಿನ ಮಧ್ಯಕ್ಕೆ ಸರಿಯಾಗಿ 50 ಸೆಂಟಿಮೀಟರ್. ಸ್ವಲ್ಪವೇ ಎಳೆದು ಬಿಟ್ಟು, ಹೋಗಿ ವಾಪಸ್ ಬಂದ್ರೆ ಒಂದು ಅಂತ ಹತ್ತು ಎಣಿಸಿದ್ರು. 12.8 ಸೆಕೆಂಡ್ ಬಂತು. ಐದು ಸಲ ಮಾಡಿದ್ರು, ಐದು ಸಲವೂ ಹೆಚ್ಚುಕಮ್ಮಿ ಅಷ್ಟೇ, ಅವರಿಗೆ ಭಾರೀ ಖುಷಿ.

ಆದ್ರೆ ಅದು ತಪ್ಪು ರೀಡಿಂಗ್. ಪಕ್ಕದಲ್ಲಿ ನಿಂತು ನೋಡಿದಾಗ ಗೊತ್ತಾಯ್ತು, ಕೈಯಿಂದ ಬಿಡುವಾಗಲೇ "ಒಂದು" ಅಂತಿದ್ರು. ಬಿಡುವಾಗ ಇನ್ನೂ ಒಂದು ಸಲಾನೂ ತೂಗಿಲ್ವಲ್ಲ, ಅಲ್ಲಿ ಹೇಳಬೇಕಾಗಿದ್ದು ಸೊನ್ನೆ. ಅಂದ್ರೆ ಅವರು ಅಳೆದಿದ್ದು ಒಂಬತ್ತು ಆಂದೋಲನ, ಬರೆದಿದ್ದು ಹತ್ತು. ಇದನ್ನ ಸ್ವಲ್ಪ ಗಮನ ಇಟ್ಟು ನೋಡಿ. ಗುಂಡಿ ಒತ್ತೋದ್ರಲ್ಲಿ ಕೈ ಹಿಂದೆ ಮುಂದೆ ಆಗಿದ್ರೆ ಒಂದು ಸಲ ಜಾಸ್ತಿ ಒಂದು ಸಲ ಕಮ್ಮಿ ಬರುತ್ತೆ, ಐದಾರು ಸಲ ಮಾಡಿ ಸರಾಸರಿ ತೆಗೆದ್ರೆ ಅದು ಸುಮಾರಾಗಿ ಸರಿಹೋಗುತ್ತೆ. ಎಣಿಕೆಯೇ ತಪ್ಪಿದ್ರೆ ಪ್ರತಿ ಸಲವೂ ಒಂದೇ ಕಡೆಗೆ ತಪ್ಪುತ್ತೆ, ನೂರು ಸಲ ಮಾಡಿದ್ರೂ ಅದೇ ಬರುತ್ತೆ, ನೋಡಿದೋರಿಗೆ ಎಷ್ಟು ಕರೆಕ್ಟಾಗಿದೆ ಅನಿಸುತ್ತೆ. ಅದನ್ನ ಹಿಡಿಯೋಕೆ ಬೇರೆಯೋರು ಬೇರೆ ರೀತಿ ಅಳೀಬೇಕು. ಇನ್ನೊಂದು ತಂಡದೋರು ಅದೇ ದಾರ, ಅದೇ ನಟ್ಟು ತಗೊಂಡು ಸೊನ್ನೆಯಿಂದ ಎಣಿಸಿದ್ರು, 14.2 ಬಂತು. ನಮ್ಮ ಮಕ್ಕಳೂ ಆಮೇಲೆ ಹಾಗೇ ಎಣಿಸಿದ್ರು: 14.1, 14.3, 14.2, 14.2, 14.1.

ಈಗ ಭಾರ ಜಾಸ್ತಿ ಮಾಡೋ ಹೊತ್ತು. ಐದು ನಟ್ಟು ತಗೊಂಡು ಒಂದರ ಕೆಳಗೆ ಒಂದು ಸಾಲಾಗಿ ಕಟ್ಟಿದ್ರು. 14.7, 14.8, 14.6, 14.8, 14.7. ಬೇಗ ಆಗುತ್ತೆ ಅಂದ್ಕೊಂಡಿದ್ದು ನಿಧಾನ ಆಯ್ತು! ಇದು ಕೈತಪ್ಪಿಂದ ಬಂದಿದ್ದಾ ನಿಜವಾದ ವ್ಯತ್ಯಾಸನಾ ಅಂತ ಹೇಗೆ ಹೇಳೋದು? ಒಂದೇ ನಟ್ಟಿನ ರೀಡಿಂಗ್‌ಗಳು ತಮ್ಮೊಳಗೇ 0.2 ಸೆಕೆಂಡ್ ಆಚೀಚೆ ಆಗ್ತಿವೆ, ಐದು ನಟ್ಟಿಂದೂ ಅಷ್ಟೇ. ಎರಡರ ಸರಾಸರಿಯ ಮಧ್ಯೆ ಮಾತ್ರ ಅರ್ಧ ಸೆಕೆಂಡ್ ಅಂತರ ಇದೆ. ಹಾಗಾಗಿ ವ್ಯತ್ಯಾಸ ನಿಜ. ಮಕ್ಕಳು ಚಾರ್ಟ್ ಬರೆಯೋಕೆ ಸ್ಕೆಚ್ ಪೆನ್ನೂ ತೆಗೆದಿದ್ರು, "ಭಾರ ಜಾಸ್ತಿಯಾದರೆ ಲೋಲಕ ನಿಧಾನವಾಗುತ್ತದೆ" ಅಂತ.

ವ್ಯತ್ಯಾಸ ನಿಜ ಸರಿ, ಅದಕ್ಕೆ ಕಾರಣ ಭಾರವೇ ಅಂತ ಯಾರು ಹೇಳಿದ್ದು? ಇಲ್ಲೇ ನಾವೆಲ್ಲ, ದೊಡ್ಡೋರೂ ಸೇರಿ, ದಿನಾ ಜಾರೋದು. ಆ ಮೂವರಲ್ಲಿ ಒಬ್ಬಳು ಸುಮ್ಮನೆ ಸ್ಕೇಲ್ ಹಿಡಿದು ಅಳೆದ್ಲು. ಒಂದೊಂದು ನಟ್ಟೂ 2 ಸೆಂಟಿಮೀಟರ್ ಎತ್ತರ, ಸಾಲಾಗಿ ಐದು ಕಟ್ಟಿದಾಗ ಭಾರದ ಮಧ್ಯಬಿಂದು ಮೂರನೇ ನಟ್ಟಿಗೆ ಇಳಿದಿದೆ, 50ರಲ್ಲಿದ್ದಿದ್ದು 54ಕ್ಕೆ ಹೋಗಿದೆ. ಅವರು ಬದಲಾಯಿಸಿದ್ದು ಒಂದು ವಿಷಯ ಅಂತ ತಿಳ್ಕೊಂಡಿದ್ರು, ಬದಲಾಗಿದ್ದು ಎರಡು: ಭಾರ ಮತ್ತು ಉದ್ದ.

ಎರಡರಲ್ಲಿ ಯಾವುದು ಅಂತ ಬಿಡಿಸೋಕೆ ಎರಡು ಪ್ರಯೋಗ ಮಾಡಿದ್ರು. ಮೊದಲು ಐದೂ ನಟ್ಟನ್ನ ಗೊಂಚಲಾಗಿ ಒಟ್ಟಿಗೆ ಕಟ್ಟಿ, ಗೊಂಚಲಿನ ಮಧ್ಯ 50 ಸೆಂಟಿಮೀಟರ್‌ಗೇ ಬರೋ ಹಾಗೆ ಮಾಡಿದ್ರು, 14.2 ಬಂತು, ಭಾರ ಐದು ಪಟ್ಟಾದ್ರೂ ಸಮಯ ಅಲುಗಲಿಲ್ಲ. ಆಮೇಲೆ ಅದರ ಉಲ್ಟಾ, ಒಂದೇ ನಟ್ಟು ಇಟ್ಕೊಂಡು ದಾರನ 54ಕ್ಕೆ ಇಳಿಸಿದ್ರು, 14.7. ನನಗೆ ಈ ಎರಡನೇದು ತುಂಬಾ ಇಷ್ಟ ಆಯ್ತು. ಮೊದಲನೇದು ಭಾರ ಕಾರಣ ಅಲ್ಲ ಅಂತ ಹೇಳಿತು, ಎರಡನೇದು ಆ ಅರ್ಧ ಸೆಕೆಂಡ್ ಎಲ್ಲಿಂದ ಬಂತು ಅಂತ ಲೆಕ್ಕ ಒಪ್ಪಿಸ್ತು. ಬರೀ ಮೊದಲನೇದು ಮಾಡಿ ನಿಲ್ಲಿಸಿದ್ರೆ ಆ ಅರ್ಧ ಸೆಕೆಂಡ್ ಒಗಟಾಗೇ ಉಳೀತಿತ್ತು.

ಇದಕ್ಕೂ ಒಂದು ಗಡಿ ಇದೆ. ದಾರದ ಉದ್ದ ಒಂದೇ ಮುಖ್ಯ, ಎಷ್ಟು ಎಳೆದು ಬಿಟ್ವಿ ಅನ್ನೋದು ಲೆಕ್ಕಕ್ಕಿಲ್ಲ ಅನ್ನೋದು ಸ್ವಲ್ಪ ಎಳೆದಾಗ ಮಾತ್ರ ನಡೆಯುತ್ತೆ. 60 ಡಿಗ್ರಿವರೆಗೆ ಎಳೆದು ಬಿಟ್ರೆ ಅದೇ 50 ಸೆಂಟಿಮೀಟರ್ ಲೋಲಕ ಹತ್ತು ಸಲ ತೂಗೋಕೆ 15 ಸೆಕೆಂಡ್ ದಾಟುತ್ತೆ. ಅದಕ್ಕೆ ಚಾರ್ಟಲ್ಲಿ ಎಷ್ಟು ಡಿಗ್ರಿ ಎಳೆದ್ವಿ ಅಂತಾನೂ ಬರ್ದಿದಾರೆ, ದಯವಿಟ್ಟು ಅದನ್ನೂ ಓದಿ.

ಇದೇ ಲೋಲಕದ್ದು ಹಳೇ ಘಟನೆ ಒಂದಿದೆ. 1672ರಲ್ಲಿ ಜಾನ್ ರಿಶೆ ಅನ್ನೋ ಫ್ರೆಂಚ್ ಖಗೋಳ ವಿಜ್ಞಾನಿ ಪ್ಯಾರಿಸ್‌ನಿಂದ ಭೂಮಧ್ಯರೇಖೆ ಹತ್ತಿರದ ಕಯೆನ್‌ಗೆ ಹೋದ್ರು. ಪ್ಯಾರಿಸ್‌ನಲ್ಲಿ ಸರಿಯಾಗಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳ್ತಿತ್ತು. ಗಡಿಯಾರ ಕೆಟ್ಟಿರಬೇಕು ಅಂತ ಯಾರಿಗಾದ್ರೂ ಅನಿಸುತ್ತೆ, ಅನಿಸಬೇಕು ಕೂಡ, ಮೊದಲು ಅನುಮಾನ ಪಡಬೇಕಾಗಿದ್ದು ಉಪಕರಣದ ಮೇಲೇ. ಅವರು ತಿಂಗಳುಗಟ್ಟಲೆ ಮತ್ತೆ ಮತ್ತೆ ಅಳೆದ್ರು, ವ್ಯತ್ಯಾಸ ಹೋಗಲೇ ಇಲ್ಲ. ಭೂಮಧ್ಯರೇಖೆ ಹತ್ತಿರ ಗುರುತ್ವ ಸ್ವಲ್ಪ ಕಮ್ಮಿ, ಭೂಮಿ ತಿರುಗ್ತಾ ಇರೋದ್ರಿಂದ ಮತ್ತೆ ನಡುವಲ್ಲಿ ಉಬ್ಬಿರೋದ್ರಿಂದ ಹಾಗಾಗುತ್ತೆ ಅಂತ ಆಮೇಲೆ ನ್ಯೂಟನ್ ವಿವರಿಸಿದ್ರು. ನಮ್ಮ ಮಕ್ಕಳ ಅರ್ಧ ಸೆಕೆಂಡ್ ಹಿಂದೆ ಇದ್ದಿದ್ದು ನಾಲ್ಕು ಸೆಂಟಿಮೀಟರ್ ದಾರ, ರಿಶೆಯವರ ಎರಡೂವರೆ ನಿಮಿಷದ ಹಿಂದೆ ಇದ್ದಿದ್ದು ಇಡೀ ಭೂಮಿ. ಎರಡು ಕಡೆನೂ ಆ ಚೂರು ವ್ಯತ್ಯಾಸನ ಒರೆಸಿ ಹಾಕದೆ ಹಿಂದೆ ಬಿದ್ದಿದ್ದಕ್ಕೇ ಕಾರಣ ಸಿಕ್ಕಿದ್ದು.

ಪೋಷಕರೇ, ಟೇಬಲ್ ಹತ್ತಿರ ಹೋದಾಗ "ಇದು ಹೇಗೆ ಕೆಲಸ ಮಾಡುತ್ತೆ" ಅಂತ ಕೇಳಿದ್ರೆ ಮಕ್ಕಳು ಬಾಯಿಪಾಠ ಮಾಡಿದ್ದನ್ನ ಒಪ್ಪಿಸ್ತಾರೆ. ಅದರ ಬದಲು "ಏನು ಬಂದಿದ್ರೆ ನಿನ್ನ ಊಹೆ ತಪ್ಪು ಅಂತ ಒಪ್ಕೊಳ್ತಿದ್ದೆ?", "ಇದನ್ನ ಬದಲಾಯಿಸಿದಾಗ ಜೊತೆಗೆ ಇನ್ನೇನಾದ್ರೂ ಬದಲಾಯ್ತಾ?" ಅಂತ ಕೇಳಿ. ತಡವರಿಸಿದ್ರೆ ಸ್ವಲ್ಪ ಹೊತ್ತು ಕಾಯಿರಿ, ನೀವೇ ಉತ್ತರ ಹೇಳಬೇಡಿ. ಮಕ್ಕಳೇ, ನೀವು ರಫ್ ನೋಟ್‌ಬುಕ್ಕನ್ನ ಟೇಬಲ್ ಮೇಲೇ ಇಡಿ, ಹೊಡೆದು ಹಾಕಿರೋ ಆ 12.8 ಕಾಣೋ ಹಾಗೆ.

ಬಾಗಿಲ ಪಕ್ಕದಲ್ಲೇ ಲೋಲಕ ತೂಗುಹಾಕಿದೀವಿ, ಸ್ಟಾಪ್‌ವಾಚೂ ಇದೆ, ಗೊಂಚಲು ನಟ್ಟು ಸಾಲು ನಟ್ಟು ಎರಡೂ ಇವೆ. ಬನ್ನಿ, ನೀವೇ ಅಳೆದು ನೋಡಿ. ಬಿಡುವಾಗ ಸೊನ್ನೆ ಅನ್ನಿ.