ಎಂಟು ವಾರದ ಒಪ್ಪಂದ

ಕೇಳುಗರೆ, ನಮಸ್ಕಾರ.

ನನ್ನ ಮನೆ ಅಂಕೋಲೆಯಲ್ಲಿ, ಆಫೀಸು ಕಾರವಾರದಲ್ಲಿ. ನಡುವೆ ಸುಮಾರು 35 ಕಿಲೋಮೀಟರ್. ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಬಿಣಗಾ ದಾಟುವ ನಮ್ಮಂಥವರಿಗೆ ಆ ದೂರ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ವಾರಕ್ಕೆರಡು ದಿನ ಮನೆಯಿಂದ ಕೆಲಸ ಮಾಡುತ್ತೇನೆಂದು ಮ್ಯಾನೇಜರಿಗೆ ಪತ್ರ ಬರೆದೆ. ಬಸ್ಸು, ಮಳೆ, ಅತ್ತೆಯ ಮಂಡಿನೋವು ಎಲ್ಲವೂ ಅದರಲ್ಲಿತ್ತು. ನನ್ನ ಕೆಲಸ ಏನಾಗುತ್ತದೆ ಎಂಬುದೊಂದೇ ಇರಲಿಲ್ಲ. "ನೋಡೋಣಮ್ಮ" ಅಂದರು. ನೋಡೋಣ ಅಂದರೆ ಇಲ್ಲ ಅಂತಲೇ ತಾನೆ?

ಮತ್ತೆ ಕೇಳುವ ಮುಂಚೆ ನಾಲ್ಕು ವಾರ ನನ್ನ ಕೆಲಸವನ್ನು ನಾನೇ ಎಣಿಸಿದೆ. ಸರಬರಾಜುದಾರರ ಬಿಲ್ಲು ಪರಿಶೀಲಿಸುವುದು ನನ್ನ ಪಾಲಿನ ಕೆಲಸ. ವಾರಕ್ಕೆ ಸರಾಸರಿ 110 ಬಿಲ್ಲು ಮುಗಿಯುತ್ತಿದ್ದವು, ಅದರಲ್ಲಿ 6 ತಪ್ಪಿಗಾಗಿ ವಾಪಸ್ ಬರುತ್ತಿದ್ದವು. ಈ ಎಣಿಕೆಯನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ಇಲ್ಲವಾದರೆ ಆಮೇಲೆ ಕೆಲಸ ಹೆಚ್ಚಿತೋ ಕುಸಿಯಿತೋ ಎಂಬುದು ಬರೀ ಬಾಯಿಮಾತಿನ ಜಗಳವಾಗುತ್ತದೆ.

ಎರಡನೆಯ ಪತ್ರ ಅರ್ಧ ಪುಟದ್ದು. ಎಂಟು ವಾರ, ಮಂಗಳವಾರ ಮತ್ತು ಗುರುವಾರ ಮನೆಯಿಂದ. ಬಿಲ್ಲು 110ಕ್ಕಿಂತ ಕೆಳಗಿಳಿಯದು, ವಾಪಸ್ಸು 6 ದಾಟದು. ಹತ್ತರಿಂದ ಒಂದರವರೆಗೆ ಬಂದ ಫೋನು ತಪ್ಪಿದರೆ ಕಾಲು ಗಂಟೆಯೊಳಗೆ ನಾನೇ ತಿರುಗಿ ಮಾಡುತ್ತೇನೆ. ಕರೆಂಟ್ ಹೋಗಿ ಒಂದು ಗಂಟೆಯಾದರೂ ಬರದಿದ್ದರೆ ನಿಮಗೆ ತಿಳಿಸಿ, ಉಳಿದ ಕೆಲಸವನ್ನು ಶನಿವಾರ ಆಫೀಸಿಗೆ ಬಂದು ಮುಗಿಸುತ್ತೇನೆ. ಸತತ ಎರಡು ವಾರ ಲೆಕ್ಕ ತಪ್ಪಿದರೆ ಮಾತಿಲ್ಲದೆ ಹಳೇ ಪದ್ಧತಿಗೆ ಬರುತ್ತೇನೆ. ಈ ಕೊನೆಯ ಸಾಲನ್ನೇ ಸರ್ ಎರಡು ಸಲ ಓದಿದರು. ಬೇಡವೆನಿಸಿದಾಗ ನಿಲ್ಲಿಸಬಹುದು ಅಂತಾದರೆ ಹೂಂ ಅನ್ನುವುದು ಯಾರಿಗೂ ಸುಲಭ. ಹಾಗೆಯೇ ಆಯಿತು. ನವೆಂಬರಿನಲ್ಲಿ ಶುರು ಮಾಡಿದೆವು. ಕರೆಂಟ್ ದಿನಕ್ಕೆ ನಾಲ್ಕು ಸಲ ಕಣ್ಣುಮುಚ್ಚಾಲೆ ಆಡುವ ಜುಲೈನಲ್ಲಿ ಪರೀಕ್ಷೆಗೆ ಕೂರುವಷ್ಟು ದಡ್ಡಿ ನಾನಲ್ಲ.

ಮೂರನೆಯ ವಾರ 124 ಬಿಲ್ಲು ಮುಗಿಸಿ ಬೀಗುತ್ತಿದ್ದೆ. ಅಷ್ಟರಲ್ಲಿ 13 ವಾಪಸ್ ಬಂದವು! ಬರೀ ಬಿಲ್ಲಿನ ಸಂಖ್ಯೆಯನ್ನಷ್ಟೇ ಬರೆದಿಡುತ್ತಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ. ಹದಿಮೂರನ್ನೂ ಮೇಜಿನ ಮೇಲೆ ಹರಡಿ ನೋಡಿದೆ. ಹನ್ನೊಂದು ಮನೆಯಲ್ಲಿ ನೋಡಿದವು, ಅಷ್ಟೂ ಕಾಗದದ ಬಿಲ್ಲಿನ ಸ್ಕ್ಯಾನ್ ಪ್ರತಿಗಳು. ಗೋದಾಮಿನ ನೀಲಿ ಮೊಹರಿನ ಕೆಳಗೆ ಸಿಕ್ಕಿಕೊಂಡ 3 ನನಗೆ 8ರ ಹಾಗೆ ಕಂಡಿತ್ತು. ಅಂದೇ ಸರ್‌ಗೆ ಹೇಳಿದೆ. ಅವರಾಗಿ ಕಂಡುಹಿಡಿದಿದ್ದರೆ ಕತೆಯೇ ಬೇರೆಯಾಗುತ್ತಿತ್ತು. ಅಲ್ಲಿಂದ ಮುಂದೆ ಕಾಗದದ ಬಿಲ್ಲುಗಳನ್ನು ಆಫೀಸಿನ ದಿನಗಳಿಗೆ ಇಟ್ಟುಕೊಂಡೆ, ಇಮೇಲಿನಲ್ಲಿ ಬಂದವನ್ನು ಮಾತ್ರ ಮನೆಯಲ್ಲಿ ನೋಡಿದೆ. ಕೊನೆಯ ನಾಲ್ಕು ವಾರದ ಸರಾಸರಿ 121 ಬಿಲ್ಲು, 5 ವಾಪಸ್ಸು.

ಎಂಟನೆಯ ವಾರ ಮುಗಿದ ಮೇಲೆ ಸರ್ ಕರೆದು ಕೂರಿಸಿದರು. ಮಂಗಳವಾರ ಸರಿ, ಗುರುವಾರ ಬೇಡ ಅಂದರು. ಗುರುವಾರ ಸರಬರಾಜುದಾರರು ಹಣ ಕೇಳಲು ಖುದ್ದಾಗಿ ಬರುತ್ತಾರೆ, ಅವರ ಮುಂದೆ ಉತ್ತರ ಕೊಡಲು ಸರ್ ಒಬ್ಬರೇ ಉಳಿಯುತ್ತಿದ್ದರಂತೆ. ನನ್ನ ಪಟ್ಟಿಯಲ್ಲಿ ಅದನ್ನು ಎಣಿಸುವ ಕಾಲಮ್ಮೇ ಇರಲಿಲ್ಲ. ಗುರುವಾರದ ಬದಲು ಶುಕ್ರವಾರ ಕೇಳಿದೆ. ಮಳೆಗಾಲ ಬರುವ ತನಕ ಅಂತ ಒಪ್ಪಿದ್ದಾರೆ.

ನಮಸ್ಕಾರ.