ಸಪೋರ್ಟ್ ಗೆರೆಯ ಮಾತು ಎಷ್ಟು ದೂರ?

ಕೇಳುಗರಿಗೆ ನಮಸ್ಕಾರ. ಷೇರು ಪೇಟೆಯ ಆ್ಯಪ್‌ನಲ್ಲಿ ಕಾಣುವ ಹಸಿರು, ಕೆಂಪು ಕ್ಯಾಂಡಲ್‌ಗಳನ್ನು ಓದುವುದು ಹೇಗೆ, ಅವುಗಳ ಕೆಳಗೆ ಎಳೆಯುವ ಸಪೋರ್ಟ್ ಗೆರೆ ನಿಜವಾಗಿ ಏನು ಹೇಳುತ್ತದೆ ಎಂಬುದನ್ನು ಇವತ್ತು ನೋಡೋಣ. ಹತ್ತಿರದಲ್ಲಿದ್ದರೆ ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ.

ಒಂದು ಷೇರು ಬೆಳಗ್ಗೆ 9.15ಕ್ಕೆ 498 ರೂಪಾಯಿಯಲ್ಲಿ ಶುರುವಾಯಿತು ಎನ್ನಿ. ದಿನದಲ್ಲಿ 506ರವರೆಗೆ ಏರಿತು, 489ರವರೆಗೆ ಇಳಿಯಿತು, ಕೊನೆಗೆ 503ಕ್ಕೆ ನಿಂತಿತು. 498ರಿಂದ 503ರವರೆಗೆ ದಪ್ಪ ಪಟ್ಟಿ ಬರೆಯಿರಿ, ಅದು ಬಾಡಿ. ಅದರ ನೆತ್ತಿಯಿಂದ 506ಕ್ಕೆ ಒಂದು ಗಿಡ್ಡ ಗೆರೆ, ಬುಡದಿಂದ 489ಕ್ಕೆ ಒಂದು ಉದ್ದ ಗೆರೆ. ಇವಕ್ಕೆ ವಿಕ್ ಎನ್ನುತ್ತಾರೆ. ಶುರುವಿನ ಬೆಲೆಗಿಂತ ಮುಗಿದ ಬೆಲೆ ಹೆಚ್ಚು, ಹಾಗಾಗಿ ಬಣ್ಣ ಹಸಿರು.

ಇಲ್ಲೇ ಹಲವರು ಎಡವುತ್ತಾರೆ. ಹಸಿರು ಎಂದರೆ ಷೇರು ನಿನ್ನೆಗಿಂತ ಏರಿದೆ ಎಂದಲ್ಲ. ನಿನ್ನೆ ಅದು 510ಕ್ಕೆ ಮುಗಿದಿದ್ದರೆ ಇವತ್ತು 7 ರೂಪಾಯಿ ಕಳೆದುಕೊಂಡಿದೆ, ಆದರೂ ಕ್ಯಾಂಡಲ್ ಹಸಿರೇ. ಮೊದಲು 506 ಮುಟ್ಟಿತೋ, ಮೊದಲು 489ಕ್ಕೆ ಕುಸಿಯಿತೋ ಎಂಬುದನ್ನೂ ಈ ಕ್ಯಾಂಡಲ್ ಹೇಳುವುದಿಲ್ಲ. ಅದು ಬೇಕಿದ್ದರೆ ಅದೇ ದಿನದ 15 ನಿಮಿಷದ ಚಾರ್ಟ್ ತೆರೆಯಬೇಕು.

ಇನ್ನು ಸಪೋರ್ಟ್, ಅಂದರೆ ಇಳಿಯುವ ಬೆಲೆ ಮತ್ತೆ ಮತ್ತೆ ನಿಂತು ಮೇಲೇಳುವ ಮಟ್ಟ. ಇದೇ ಷೇರು ಎರಡು ತಿಂಗಳಲ್ಲಿ ಮೂರು ಸಲ ಇಳಿದು, 491, 489, 492ರಿಂದ ಮೇಲೆದ್ದಿದೆ ಎಂದುಕೊಳ್ಳಿ. 490ಕ್ಕೆ ಒಂದೇ ಗೆರೆ ಎಳೆಯುವುದಕ್ಕಿಂತ 489ರಿಂದ 492ರವರೆಗೆ ಒಂದು ಪಟ್ಟೆ ಬಳಿಯುವುದು ಸರಿ. ಈಗ ಬೆಲೆ 493ಕ್ಕೆ ಬಂದಿದೆ. ಒಬ್ಬರು ಅಲ್ಲಿ ಕೊಳ್ಳುತ್ತಾರೆ. 486ಕ್ಕೆ ಸ್ಟಾಪ್ ಲಾಸ್, ಅಂದರೆ ಬೆಲೆ ಅಲ್ಲಿಗೆ ಇಳಿದರೆ ನಷ್ಟಕ್ಕೇ ಮಾರಿ ಹೊರಬರುವ ಆರ್ಡರ್, 507ಕ್ಕೆ ಗುರಿ. ಹೋದರೆ 7 ರೂಪಾಯಿ, ಬಂದರೆ 14. ಒಂದಕ್ಕೆರಡು ಲಾಭ ಎಂದು ಇದನ್ನು ಹೊಗಳುವುದುಂಟು.

ಆದರೆ ಲೆಕ್ಕ ಹಾಕಿ. ಆ ಪಟ್ಟೆಗೆ ಯಾವ ಶಕ್ತಿಯೂ ಇಲ್ಲ, ಬೆಲೆ ನಾಣ್ಯ ಚಿಮ್ಮಿದಂತೆ ಅತ್ತಿತ್ತ ಓಡಾಡುತ್ತದೆ ಎಂದೇ ಇಟ್ಟುಕೊಳ್ಳೋಣ. ಆಗಲೂ 486ಕ್ಕಿಂತ ಮೊದಲು 507 ಮುಟ್ಟುವ ಸಾಧ್ಯತೆ 21ರಲ್ಲಿ 7, ಅಂದರೆ ಮೂರರಲ್ಲಿ ಒಂದು. ಮೂರು ಸಲ ಕೊಂಡರೆ ಒಂದು ಸಲ 14 ಬರುತ್ತದೆ, ಎರಡು ಸಲ ಏಳೇಳು ಹೋಗುತ್ತದೆ. ಉಳಿಯುವುದು ಸೊನ್ನೆ, ಮೇಲೆ ಬ್ರೋಕರೇಜ್ ಮತ್ತು ತೆರಿಗೆಯ ಖರ್ಚು. ಹಾಗಾದರೆ ಸಪೋರ್ಟ್ ಮಾಡುವ ವಾದ ಇಷ್ಟೇ: ಈ ಜಾಗದಲ್ಲಿ ಆ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು, ಖರ್ಚು ಕಳೆದೂ ಮಿಗುವಷ್ಟು ಹೆಚ್ಚು. ಬೆಲೆ ಇಲ್ಲಿಂದ ಏಳಲೇಬೇಕು ಎಂದು ಅದು ಹೇಳುವುದಿಲ್ಲ.

ಈ ವಾದಕ್ಕೆ ಆಧಾರ ಉಂಟೇ? ಸ್ವಲ್ಪ ಉಂಟು. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಕ್ಯಾರಲ್ ಆಸ್ಲರ್ 2000ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರು ಸಂಸ್ಥೆಗಳು ದಿನದಿನವೂ ಹೊರಡಿಸುತ್ತಿದ್ದ ವಿದೇಶಿ ಕರೆನ್ಸಿಯ ಸಪೋರ್ಟ್ ಮಟ್ಟಗಳನ್ನೂ ಏರುವ ಬೆಲೆ ತಡೆದು ನಿಲ್ಲುವ ರೆಸಿಸ್ಟೆನ್ಸ್ ಮಟ್ಟಗಳನ್ನೂ ಮನಬಂದಂತೆ ಆಯ್ದ ಮಟ್ಟಗಳ ಪಕ್ಕ ಇಟ್ಟು ನೋಡಿದರು. ಹೊರಡಿಸಿದ ಮಟ್ಟಗಳಲ್ಲಿ ಬೆಲೆ ಹಿಂದಿರುಗಿದ್ದು ನೂರಕ್ಕೆ ಸುಮಾರು 61 ಸಲ, ಮನಬಂದಂತೆ ಆಯ್ದವುಗಳಲ್ಲಿ ಸುಮಾರು 56 ಸಲ. ವ್ಯತ್ಯಾಸ ನಿಜವಾದದ್ದೇ, ಆದರೆ ತೆಳುವಾದದ್ದು. ಸುಮ್ಮನೆ ಎಳೆದ ಗೆರೆಯಿಂದಲೂ ಬೆಲೆ ಅರ್ಧಕ್ಕಿಂತ ಹೆಚ್ಚು ಸಲ ಹಿಂದಿರುಗಿತ್ತು ಎಂಬುದನ್ನು ಮರೆಯಬೇಡಿ. ಚಾರ್ಟ್‌ನಲ್ಲಿ ಬೆಲೆ ಪುಟಿದದ್ದನ್ನು ಕಂಡ ಮಾತ್ರಕ್ಕೆ ಗೆರೆ ಕೆಲಸ ಮಾಡಿತು ಎನ್ನಲಾಗದು.

ಕಾರಣದ ಸುಳಿವು ಅವರ ಮುಂದಿನ ಕೆಲಸದಲ್ಲಿದೆ. ಲಾಭ ತೆಗೆದುಕೊಳ್ಳುವ ಆರ್ಡರ್‌ಗಳು ದುಂಡು ಸಂಖ್ಯೆಯ ಮೇಲೆಯೇ ಗುಂಪುಗೂಡುತ್ತವೆ, ಸ್ಟಾಪ್ ಲಾಸ್‌ಗಳು ಅದರಾಚೆ ತುಸು ದೂರದಲ್ಲಿ. ನಮ್ಮ ಷೇರಿನಲ್ಲೂ ಜನ ಹೀಗೆಯೇ ಆರ್ಡರ್ ಹಾಕಿದ್ದರೆ ಮೊದಲೇ ಹೆಚ್ಚು ಬೆಲೆಗೆ ಮಾರಿದ್ದು, ಈಗ ಅಗ್ಗಕ್ಕೆ ಕೊಂಡು ಲಾಭ ತೆಗೆಯುವವರು 490ರಲ್ಲಿ ಕಾದಿರುತ್ತಾರೆ, 488ರ ಸುತ್ತ ಮಾರುವ ಸ್ಟಾಪ್‌ಗಳು ಕಾದಿರುತ್ತವೆ. ಕೊಳ್ಳುವವರು ಮುಗಿದರೆ ಬೆಲೆ ಆ ಸ್ಟಾಪ್‌ಗಳಿಗೆ ತಾಗುತ್ತದೆ, ಅವು ಒಂದರ ಹಿಂದೊಂದು ಮಾರಾಟಕ್ಕೆ ಬೀಳುತ್ತವೆ, ಇಳಿತ ದಿಢೀರ್ ಜೋರಾಗುತ್ತದೆ. ಬೆಲೆ 487 ಮುಟ್ಟಿ 494ಕ್ಕೆ ಮುಗಿದರೆ ಉದ್ದ ವಿಕ್ ಕಾಣುತ್ತದೆ, ಪಟ್ಟೆ ಇನ್ನೂ ಉಳಿದಿದೆ. 487ಕ್ಕೇ ಮುಗಿದರೆ ಪಟ್ಟೆ ಮುರಿಯಿತು ಎಂದು ಬರೆದುಕೊಳ್ಳಿ.

ಇನ್ನೊಂದು ಅಪಾಯ ರಾತ್ರಿಯದು. ಮರುದಿನ ಷೇರು ನೇರ 478ಕ್ಕೇ ತೆರೆದರೆ 486ರ ಸ್ಟಾಪ್ ಅಲ್ಲಿ ನಡೆಯುವುದಿಲ್ಲ. ಮಾರುಕಟ್ಟೆ ದರಕ್ಕೆ ಹಾಕಿದ್ದರೆ 478ರ ಆಸುಪಾಸಿನಲ್ಲಿ ಮಾರಾಟವಾಗುತ್ತದೆ, ಹೋಗುವುದು 7 ಅಲ್ಲ, 15 ರೂಪಾಯಿ.

ನಿಮ್ಮ ಗೆರೆಗಳನ್ನು ಪರೀಕ್ಷಿಸುವ ದಾರಿ ಇದು. ಬೆಲೆ ಅಲ್ಲಿಗೆ ಬರುವ ಮೊದಲೇ ಪಟ್ಟೆ, ಸ್ಟಾಪ್, ಗುರಿ ಮೂರನ್ನೂ ತಾರೀಖು ಹಾಕಿ ಪುಸ್ತಕದಲ್ಲಿ ಬರೆಯಿರಿ. ಜೊತೆಗೆ ಚೀಟಿ ಎತ್ತಿ ಆಯ್ದ ಒಂದು ಬೆಲೆಯನ್ನೂ ಅಷ್ಟೇ ಅಂತರದ ಸ್ಟಾಪ್, ಗುರಿಯೊಂದಿಗೆ ಪಕ್ಕದಲ್ಲಿ ಬರೆಯಿರಿ. ಹತ್ತಿಪ್ಪತ್ತು ಸಲಕ್ಕೆ ಏನೂ ತಿಳಿಯದು, ನೂರು ದಾಟಲಿ. ಆಗ ಎರಡು ಸಾಲುಗಳನ್ನೂ ಎಣಿಸಿ ಅಕ್ಕಪಕ್ಕ ಇಡಿ. ನಮಸ್ಕಾರ.